ಹಿಂಡಿ ಬಿಟ್ಟು ಒಣಹುಲ್ಲು ಮಾತ್ರ ತಿನ್ನುವ ಹಸು

ಪ್ರಶ್ನೆ: ನಮ್ಮ ಹಸು ಕರು ಹಾಕಿ ಮೂರು ವಾರ ಆಯ್ತು. 20 ಲೀಟರ್ ಕೊಡ್ತಿದ್ದದ್ದು ಈಗ 12ಕ್ಕೆ ಇಳಿದಿದೆ. ಜ್ವರ ಇಲ್ಲ. ಹಿಂಡಿ ಮೂಸಿ ಬಿಡ್ತದೆ, ಒಣಹುಲ್ಲು ತಿನ್ತದೆ. ಡಾಕ್ಟರು ಕೀಟೋಸಿಸ್ ಅಂತ ಗ್ಲೂಕೋಸ್ ಹಾಕಿದರು. ಒಂದು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಇನ್ನೊಂದು ಹಸು ಮುಂದಿನ ತಿಂಗಳು ಕರು ಹಾಕ್ತದೆ. ಅದಕ್ಕೂ ಹೀಗಾಗದಂತೆ ಏನು ತಿನ್ನಿಸಬೇಕು?

ಉತ್ತರ: ಗ್ಲೂಕೋಸ್ ಒಂದೇ ದಿನಕ್ಕೆ ಯಾಕೆ ಸಾಕಾಯಿತು ಅನ್ನೋದನ್ನು ಮೊದಲು ನೋಡೋಣ. ಉಳಿದದ್ದೆಲ್ಲ ಅದರಲ್ಲೇ ಇದೆ.

ಒಂದು ಲೀಟರ್ ಹಾಲು ತಯಾರಾಗಲು ಹಸುವಿನ ರಕ್ತದಿಂದ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. 20 ಲೀಟರಿಗೆ ದಿನಕ್ಕೆ 1.4 ಕಿಲೋ ಆಯಿತು. ಶೇ. 50ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿ ಇರೋದು 250 ಗ್ರಾಂ. ಅಂದರೆ ನಾಲ್ಕು ತಾಸಿನ ಹಾಲಿಗೆ ಸಾಕು, ಅಷ್ಟೇ. ಉಳಿದ ಗ್ಲೂಕೋಸನ್ನು ಹಸು ತಿಂದ ಮೇವಿನಿಂದ ತನ್ನ ಲಿವರ್‌ನಲ್ಲೇ ಮಾಡಿಕೊಳ್ಳಬೇಕು.

ತೊಡಕು ಇರೋದು ಇಲ್ಲಿ. ಕರು ಹಾಕಿದ ಮೇಲೆ ಹಾಲು ಬೇಗ ಏರುತ್ತದೆ, ಹಸಿವು ನಿಧಾನವಾಗಿ ಏರುತ್ತದೆ. ಹಾಲು ಒಂದೂವರೆ ತಿಂಗಳ ಹೊತ್ತಿಗೆ ತುದಿ ಮುಟ್ಟಿದರೆ, ತಿನ್ನುವ ಪ್ರಮಾಣ ಅಲ್ಲಿಗೆ ಬರಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಹಸು ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಸ್ವಲ್ಪ ಕರಗಿದರೆ ತೊಂದರೆ ಇಲ್ಲ. ರಾಶಿಯಾಗಿ ಬಂದರೆ ಲಿವರ್ ಅದನ್ನು ಪೂರ್ತಿ ಉರಿಸಲಾರದು, ಕೀಟೋನ್ ಮಾಡಿ ಹೊರಗೆ ಬಿಡುತ್ತದೆ. ಕೀಟೋನ್ ಜಾಸ್ತಿಯಾದರೆ ಹಸಿವು ಇನ್ನೂ ಕಡಿಮೆ, ಕೊಬ್ಬು ಇನ್ನೂ ಜಾಸ್ತಿ ಕರಗುತ್ತದೆ. ಮೊದಲು ಹಿಂಡಿ ಬಿಡೋದು, ಸೆಗಣಿ ಗಟ್ಟಿಯಾಗೋದು, ಉಸಿರಲ್ಲಿ ಸಿಹಿ ವಾಸನೆ, ಇವೆಲ್ಲ ಈ ಕೀಟೋಸಿಸ್‌ನದೇ ಗುರುತು.

ಈಗಿನ ಹಸುವಿಗೆ ಬಾಟಲಿಯ ಜೊತೆಗೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ದಿನಕ್ಕೊಮ್ಮೆ ಸುಮಾರು 300 ಮಿ.ಲೀ., ಮೂರರಿಂದ ಐದು ದಿನ ಕೊಡುತ್ತಾರೆ. ಲಿವರ್ ಇದರಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ತಲೆ ತೀರಾ ಮೇಲೆತ್ತಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದೀತು. ಸಕ್ಕರೆ ನೀರು ಕುಡಿಸಿದರೆ ಆಗಲ್ವಾ ಅಂತ ತುಂಬಾ ಜನ ಕೇಳ್ತಾರೆ. ಆಗಲ್ಲ. ಸಕ್ಕರೆ ರಕ್ತ ಸೇರುವ ಮೊದಲೇ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಹುಳಿ ಮಾಡಿಬಿಡುತ್ತವೆ. ಆ ಹುಳಿಯಲ್ಲಿ ಒಂದು ಪಾಲು ಕೀಟೋನ್ ಆಗಿಯೇ ತಿರುಗುತ್ತದೆ.

ಮುಂದಿನ ಹಸುವನ್ನು ಇವತ್ತೇ ನೋಡಿ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ, ಕೈ ಒತ್ತಿದರೆ ಸಿಗಬೇಕು. ಬಾಲದ ಬುಡದಲ್ಲಿ ಕೊಬ್ಬಿನ ಗಂಟು ಇದ್ದರೆ ಅದು ದಪ್ಪ ಹಸು. ದಪ್ಪ ಹಸು ಕರು ಹಾಕಿದ ಮೇಲೆ ಕಡಿಮೆ ತಿನ್ನುತ್ತದೆ, ಕೊಬ್ಬನ್ನು ಜೋರಾಗಿ ಕರಗಿಸುತ್ತದೆ, ಕೀಟೋಸಿಸ್ ಬೇಗ ಹಿಡಿಯುತ್ತದೆ. ಹಾಗಂತ ಈಗ ಮೇವು ಕಡಿಮೆ ಮಾಡಿ ಇಳಿಸಲು ಹೋಗಬೇಡಿ. ಗಬ್ಬದ ಕೊನೆಯಲ್ಲಿ ಮೇವು ಸಾಲದಿದ್ದರೆ ಕೊಬ್ಬು ಆಗಲೇ ಕರಗಲು ಶುರುವಾಗುತ್ತದೆ. ಮೈ ಸರಿ ಮಾಡುವ ಕಾಲ ಹಾಲು ಬತ್ತಿಸುವ ಮುಂಚಿನ ತಿಂಗಳುಗಳು. ಹಾಲು ಬತ್ತಿದ ಮೇಲೆ ಸುಮ್ನೆ ತಿನ್ನಿಸಿ ಕೊಬ್ಬಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ಹಸುವಿನ ತೂಕ 450 ಕಿಲೋ ಅಂದುಕೊಳ್ಳಿ. ಕರು ಹಾಕಲು ಮೂರು ವಾರ ಇರುವಾಗ ದಿನಕ್ಕೆ 1 ಕಿಲೋ ಹಿಂಡಿ ಮಿಶ್ರಣ ಶುರು ಮಾಡಿ. ನಿಧಾನವಾಗಿ ಏರಿಸಿ ಕರು ಹಾಕುವ ಹೊತ್ತಿಗೆ 3 ಕಿಲೋಗೆ ತನ್ನಿ. ಇದು ಮೈ ಬೆಳೆಸಲು ಅಲ್ಲ, ಹೊಟ್ಟೆಯ ಜೀವಿಗಳು ಹಿಂಡಿಗೆ ಒಗ್ಗಿಕೊಳ್ಳಲು. ಆಮೇಲೆ ಮೊದಲ ಎರಡು ದಿನ ಅಷ್ಟೇ ಇರಲಿ. ನಂತರ ಎರಡು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸಿ. ಮೂರನೇ ವಾರಕ್ಕೆ 7 ಕಿಲೋ ದಾಟುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡಿ. ಹಾಲು ಏರಿದ ಖುಷಿಗೆ ಒಂದೇ ಸಲ ಸುರಿದರೆ ಹೊಟ್ಟೆ ಹುಳಿಯಾಗಿ ಸೆಗಣಿ ತೆಳ್ಳಗಾಗುತ್ತದೆ, ಮೇವನ್ನೇ ಬಿಡುತ್ತದೆ. ಹಾಗಾದರೆ ಏರಿಸುವುದನ್ನು ನಿಲ್ಲಿಸಿ.

ಒಳ್ಳೆಯ ಮೇವು ಯಾವಾಗಲೂ ಮುಂದಿರಲಿ, ನೀರು ಕೂಡ. ಕೆಟ್ಟ ವಾಸನೆಯ ರಸಮೇವು ಬೇಡ. ಸರಿಯಾಗಿ ಹುದುಗದ ರಸಮೇವಿನ ಬ್ಯುಟಿರಿಕ್ ಆಮ್ಲ ನೇರವಾಗಿ ಕೀಟೋನ್ ಆಗುತ್ತದೆ.

ಕರು ಹಾಕಿದ ಐದನೇ ದಿನದಿಂದ ಮೂರನೇ ವಾರದವರೆಗೆ ವಾರಕ್ಕೆರಡು ಸಲ ಗಂಜಲವನ್ನು ಕೀಟೋನ್ ಪಟ್ಟಿಯಲ್ಲಿ ನೋಡಿ. ಬಣ್ಣ ಗಾಢವಾದರೆ ಡಾಕ್ಟರಿಗೆ ತಿಳಿಸಿ. ರಕ್ತ ಪರೀಕ್ಷೆಯಾದರೆ ಬಿಎಚ್‌ಬಿ ಎಂಬ ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ಮುಟ್ಟಿದರೆ, ಹಸು ಚೆನ್ನಾಗಿ ಕಂಡರೂ, ಅದು ಕೀಟೋಸಿಸ್‌ನ ಆರಂಭ. ಇನ್ನು ಈಗಿನ ಹಸುವಿಗೆ ಜ್ವರ ಬಂದರೆ, ಗರ್ಭಕೋಶಕ್ಕೆ ಸೋಂಕಾಗಿದ್ದರೆ, ಕೆಚ್ಚಲು ಊದಿದ್ದರೆ ಅಥವಾ ಐದು ದಿನ ಕುಡಿಸಿದರೂ ಹಸಿವು ಬಾರದಿದ್ದರೆ, ಬೇರೆ ರೋಗ ಹಸಿವು ಕೊಂದು ಅದರಿಂದ ಕೀಟೋನ್ ಏರಿದೆಯೇ ಅಂತ ಮತ್ತೊಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ನಾಲ್ಕನೇ ಹೊಟ್ಟೆ ಜಾಗ ಬಿಟ್ಟು ಸರಿದಿದ್ದರೂ ಹೀಗೆಯೇ ಕಾಣುತ್ತದೆ.