ಹಳೆ ಕಾಫಿ ಪುಡಿ, ಹೊಸ ದುಬಾರಿ ಪುಡಿ: ಹೆಸರು ಇಡೋದು ಹೇಗೆ?

ಪ್ರಶ್ನೆ: ತಾತನ ಕಾಲದಿಂದ ಕಾಫಿ ಪುಡಿ ಮಾರುತ್ತಿದ್ದೇವೆ, ಊರಲ್ಲಿ ನಮ್ಮ ಹೆಸರು ಎಲ್ಲರಿಗೂ ಗೊತ್ತು. ಈಗ ಚಿಕೋರಿ ಇಲ್ಲದ ದುಬಾರಿ ಪುಡಿ ತರ್ತಾ ಇದ್ದೀವಿ. ಅದೇ ಹೆಸರಿಗೆ ‘ಪ್ಯೂರ್’ ಅಂತಲೋ ‘ಗೋಲ್ಡ್’ ಅಂತಲೋ ಸೇರಿಸಿದರೆ ಸಾಕಾ? ಹಳೆ ಹೆಸರಿಗೆ ಪೆಟ್ಟು ಬೀಳಬಾರದು.

‘ಪ್ಯೂರ್’ ಮಾತ್ರ ಬೇಡವೇ ಬೇಡ. ತಿಂಡಿ, ಮಸಾಲೆ, ಕಾಫಿ ಪ್ಯಾಕೆಟ್‌ಗಳಿಗೆ ಹೆಸರು, ವಿನ್ಯಾಸ ಮಾಡಿಕೊಡೋದೇ ನನ್ನ ಕೆಲಸ. ಮನೆಯವರ ಹೆಸರನ್ನು ಮನೆಯವರೇ ಕೆಡಿಸಿಕೊಳ್ಳೋದು ಹೆಚ್ಚಾಗಿ ಇಂಥ ಒಂದು ಪದದಿಂದ. ನಿಮ್ಮ ಹಳೆ ಪುಡಿಯ ಪ್ಯಾಕೆಟ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಹಾಕಲೇಬೇಕು, ಕಾನೂನೇ ಹಾಗಿದೆ. ಇಷ್ಟು ವರ್ಷ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಗಟ್ಟಿ ಡಿಕಾಕ್ಷನ್‌ಗೆ ಚಿಕೋರಿ ಬೇಕು ಅಂತಲೇ ಜನ ಕೇಳಿ ತಗೊಳ್ಳುತ್ತಿದ್ದರು. ಪಕ್ಕದಲ್ಲೇ ‘ಪ್ಯೂರ್’ ಬಂದು ಕೂತರೆ ಅದೇ ಚಿಕೋರಿ ಕಲಬೆರಕೆ ಥರ ಕಾಣುತ್ತೆ. ‘ಅಸಲಿ’, ‘ಶುದ್ಧ’, ‘ಒರಿಜಿನಲ್’ ಎಲ್ಲದರ ಕಥೆಯೂ ಇಷ್ಟೇ.

‘ಗೋಲ್ಡ್’ ಅಷ್ಟು ಕೆಟ್ಟದ್ದಲ್ಲ. ಮೈಸೂರು ಸ್ಯಾಂಡಲ್ ಸೋಪು ನೋಡಿ. ‘ಮೈಸೂರು ಸ್ಯಾಂಡಲ್ ಗೋಲ್ಡ್’ ಬಂತು ಅಂತ ಮಾಮೂಲಿ ಸೋಪಿನ ಹೆಸರೇನೂ ಕೆಡಲಿಲ್ಲ. ಯಾಕೆಂದರೆ ಶ್ರೀಗಂಧ ಅನ್ನೋ ಮುಖ್ಯ ಮಾತು ಮೂಲ ಹೆಸರಲ್ಲೇ ಇದೆ, ಅದು ಎರಡೂ ಸೋಪಿಗೆ ಸೇರಿದ್ದು. ಮಾಲು ಅದೇ ಜಾತಿಯದು, ಒಂದು ಮೆಟ್ಟಿಲು ಮೇಲೆ ಅಂದಾಗ ಇಂಥ ಹೆಸರು ಸರಿಹೋಗುತ್ತೆ. ನಿಮ್ಮದು ಹಾಗಿಲ್ಲ. ಚಿಕೋರಿ ಇಲ್ಲ, ರುಚಿ ಬೇರೆ, ಬೆಲೆಯಲ್ಲೂ ಅಂತರ ಜಾಸ್ತಿ ಇರುತ್ತೆ. ಜೊತೆಗೆ ‘ಗೋಲ್ಡ್’, ‘ಪ್ರೀಮಿಯಂ’ ಗುಣ ಹೇಳೋ ಪದಗಳು. ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬರೀ ಅಂಥ ಪದವನ್ನು ನಿಮ್ಮದು ಅಂತ ಹಿಡಿದಿಟ್ಟುಕೊಳ್ಳೋದು ಕಷ್ಟ. ನಾಳೆ ಎದುರು ಅಂಗಡಿಯವರೂ ‘ಗೋಲ್ಡ್’ ಅಂತ ಹಾಕಿದರೆ ಏನೂ ಮಾಡೋಕಾಗಲ್ಲ.

ಹಾಗಾಗಿ ನನ್ನ ಸಲಹೆ, ಹೊಸ ಪುಡಿಗೆ ತನ್ನದೇ ಒಂದು ಹೆಸರು ಇರಲಿ, ಮನೆತನದ ಹೆಸರು ಮೇಲೆ ಸಣ್ಣದಾಗಿ ಜೊತೆಗಿರಲಿ. ಆ ಹೆಸರು ಕಾಫಿಯನ್ನು ನೆನಪಿಸಬೇಕು, ಆದರೆ ಅದರಲ್ಲಿ ಹೆಚ್ಚು ಕಡಿಮೆ ಅನ್ನೋ ಹೋಲಿಕೆ ಇರಬಾರದು. ಉದಾಹರಣೆಗೆ ‘ಹೂಮಳೆ’. ಮಾರ್ಚ್, ಏಪ್ರಿಲ್‌ನಲ್ಲಿ ತೋಟಕ್ಕೆ ಬೀಳೋ ಮಳೆ, ಅದು ಬಿದ್ದರೇ ಕಾಫಿ ಹೂ ಬಿಡೋದು. ಕೇಳಿದರೆ ತೋಟ, ಹೂವು ಕಣ್ಣಿಗೆ ಬರುತ್ತೆ. ಆದರೆ ಮಳೆ ಹೆಸರು ಕೇಳಿ ಹಳೆ ಪುಡಿಯಲ್ಲಿ ಏನೋ ಕೊರತೆ ಇದೆ ಅಂತ ಯಾರಿಗೂ ಅನ್ನಿಸಲ್ಲ. ಮೂರೇ ಅಕ್ಷರ, ಅಂಗಡಿಯವರ ಬಾಯಲ್ಲಿ ಮೊಟಕಾಗೋದೂ ಇಲ್ಲ. ಉದ್ದ ಹೆಸರಿಟ್ಟರೆ ಅವರು ಅದನ್ನು ಬಿಟ್ಟು ‘ಅವರ ಕಾಸ್ಟ್ಲಿ ಪುಡಿ’ ಅಂತ ಕರೀತಾರೆ. ಆಗ ನಿಮ್ಮ ಹಳೆಯದು ತಾನಾಗೇ ‘ಅವರ ಚೀಪ್ ಪುಡಿ’ ಆಗುತ್ತೆ. ನನಗೆ ಜಾಸ್ತಿ ಹೆದರಿಕೆ ಇರೋದು ಇದಕ್ಕೇ.

ಊರಿನ ಹೆಸರಿಡೋ ಆಸೆ ಬರುತ್ತೆ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗು ಅರೇಬಿಕಾಗಳಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅಂದರೆ ಊರಿನ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ಬೀಜ ಅಲ್ಲಿಂದಲೇ ಬಂದರೂ ಸುಮ್ನೆ ಹೆಸರು ಹಾಕಿಕೊಳ್ಳೋ ಹಾಗಿಲ್ಲ, ವಕೀಲರನ್ನು ಕೇಳಿ. ಒಂದು ವರ್ಷ ಅಲ್ಲಿ ಬೀಜ ಸಿಗದೆ ಬೇರೆ ಕಡೆಯದು ಹಾಕಿದರೆ ಪ್ಯಾಕೆಟ್ ಸುಳ್ಳು ಹೇಳಿದ ಹಾಗಾಗುತ್ತೆ, ಆ ಸುಳ್ಳಿನ ಮೇಲೆ ನಿಮ್ಮ ತಾತನ ಹೆಸರಿರುತ್ತೆ.

ಇಷ್ಟವಾದ ಹೆಸರನ್ನು ಮುದ್ರಣಕ್ಕೆ ಕೊಡೋ ಮೊದಲು ಎರಡು ಕೆಲಸ ಮಾಡಿ. ಮೊದಲನೆಯದು, ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ 30ನೇ ಕ್ಲಾಸ್ ಹಾಕಿ ಹುಡುಕಿ, ಕಾಫಿ ಬರೋದು ಅದರಲ್ಲೇ. ಉಚ್ಚಾರಣೆ ಹೋಲೋ ಹೆಸರುಗಳನ್ನೂ ನೋಡಿ. ಖಾಲಿ ಇದ್ದರೆ ಹೊಸ ಹೆಸರಿಗೆ ಬೇರೆಯಾಗಿಯೇ ಅರ್ಜಿ ಹಾಕಿ, ಮನೆತನದ ಹೆಸರಿನ ಜೊತೆ ಅಂಟಿಸಬೇಡಿ. ಎರಡನೆಯದು, ಹಳೆ ಪ್ಯಾಕೆಟ್ಟು, ಹೊಸ ಪ್ಯಾಕೆಟ್ಟಿನ ಮಾದರಿ ಎರಡನ್ನೂ ಕೌಂಟರ್ ಮೇಲಿಟ್ಟು ನಿಮ್ಮ ಖಾಯಂ ಗಿರಾಕಿಗಳನ್ನು ಕೇಳಿ. ಹೊಸದು ಹೇಗಿದೆ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅಂತಲೇ ಅಂತಾರೆ. ‘ಈ ಹಳೇದರಲ್ಲಿ ಏನಿದೆ?’ ಅಂತ ಕೇಳಿ. ‘ನಾವು ದಿನಾ ಕುಡಿಯೋದು’ ಅಂದರೆ ಹೆಸರು ಪಾಸು. ‘ಇದು ಸ್ವಲ್ಪ ಕಮ್ಮಿ ಮಾಲು ಅಲ್ವಾ?’ ಅಂತ ನಾಲ್ಕಾರು ಜನ ಅಂದರೂ ಆ ಹೆಸರು ಬಿಟ್ಟುಬಿಡಿ.

ಮಾರಾಟ ಶುರುವಾದ ಮೇಲೆ ಎರಡೂ ಪುಡಿಯ ಕೆಜಿ ಲೆಕ್ಕ ಬೇರೆ ಬೇರೆ ಇಡಿ. ಹೊಸದು ಏರಿದಷ್ಟೇ ಹಳೇದು ಇಳಿದರೆ ಹಳೆ ಗಿರಾಕಿಗಳೇ ಪ್ಯಾಕೆಟ್ ಬದಲಾಯಿಸಿದ್ದಾರೆ ಅಂತ ಅರ್ಥ, ಅಷ್ಟರಿಂದ ಹೆಸರಿಗೆ ಹಾನಿ ಇಲ್ಲ. ಹೊಸದು ಏರದೆಯೂ ಹಳೇದು ಇಳಿಯುತ್ತಿದ್ದರೆ, ‘ಹಳೇದರ ಕ್ವಾಲಿಟಿ ಇಳಿಸಿದ್ರಾ?’ ಅನ್ನೋ ಮಾತೂ ಕೌಂಟರ್‌ನಲ್ಲಿ ಕೇಳಿಬರುತ್ತಿದ್ದರೆ, ಆಗ ಎಚ್ಚರವಾಗಿ. ಹೊಸ ಪುಡಿ ಬಂದ ಸಮಯದಲ್ಲೇ ಹಳೆ ಪ್ಯಾಕೆಟ್ಟಿನ ಬಣ್ಣ, ಬೆಲೆ, ಮಿಶ್ರಣ ಯಾವುದನ್ನೂ ಮುಟ್ಟದೆ ಇದ್ದರೆ ಈ ಅನುಮಾನ ಬರೋದು ಕಡಿಮೆ. ಬೆಲೆ ಏರಿಸಲೇಬೇಕು ಅಂತಿದ್ದರೆ ಕೆಲವು ತಿಂಗಳು ಮೊದಲೇ ಏರಿಸಿ ಮುಗಿಸಿಬಿಡಿ.