ಫ್ರಿಜ್ಜಿನಲ್ಲಿ ಉಳಿದಿದ್ದ ಎರಡು ಕಾರ್ಟ್ರಿಜ್

(ಹೆಸರು, ಊರು ಮತ್ತು ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಹುಡುಗಿಯ ಮತ್ತು ತಾಯಿಯ ಒಪ್ಪಿಗೆ ಪಡೆದಿದ್ದೇನೆ.)

ಸುಮನಾ ಎಂದು ಕರೆಯೋಣ. ಕಾಸರಗೋಡಿನ ಒಳನಾಡಿನ ಕನ್ನಡ ಶಾಲೆಯೊಂದರಲ್ಲಿ ಪ್ಲಸ್ ಟು ಓದುತ್ತಿದ್ದಳು, ವಯಸ್ಸು ಹದಿನೇಳು. ಹದಿನಾಲ್ಕರಲ್ಲಿ ಟೈಪ್ ಒಂದು ಮಧುಮೇಹ ಪತ್ತೆಯಾಗಿತ್ತು. ನವೆಂಬರಿನಲ್ಲಿ ಕ್ಲಾಸ್ ಟೀಚರ್ ಅವಳನ್ನು ಆಪ್ತಸಮಾಲೋಚನೆ ಮಾಡುವ ನನ್ನ ಬಳಿ ಕಳುಹಿಸಿದ್ದು ಬೇರೆಯೇ ಕಾರಣಕ್ಕೆ: ಪಾಠದ ನಡುವೆ ಮೂರು ಮೂರು ಸಲ ಮೂತ್ರಕ್ಕೆ ಎದ್ದು ಹೋಗುತ್ತಾಳೆ, ಬೋರ್ಡು ಮಸುಕಾಗಿ ಕಾಣುತ್ತದೆ ಎನ್ನುತ್ತಾಳೆ, ಮಧ್ಯಾಹ್ನದ ಮೇಲೆ ಮೇಜಿಗೆ ತಲೆಯಿಟ್ಟು ಮಲಗುತ್ತಾಳೆ. "ಪರೀಕ್ಷೆಯ ಭಯ ಇರಬಹುದು, ಸ್ವಲ್ಪ ಮಾತನಾಡಿ" ಎಂದಿದ್ದರು.

ತಾಯಿಯೂ ಬಂದಿದ್ದರು. ಅವರು ಹೇಳಿದ ಸಂಗತಿಗಳಲ್ಲಿ ಪ್ರತಿಯೊಂದಕ್ಕೂ ಮನೆಯಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಚೆನ್ನಾಗಿ ಉಣ್ಣುತ್ತಾಳೆ, ಆದರೂ ಐದು ತಿಂಗಳಲ್ಲಿ ಏಳು ಕಿಲೋ ಇಳಿದಿದ್ದಾಳೆ. ಅದು ಯಕ್ಷಗಾನದ ಅಭ್ಯಾಸದಿಂದ. ಎರಡು ತಿಂಗಳಿಂದ ಮುಟ್ಟಾಗಿಲ್ಲ; ಅದು ನಿದ್ದೆಗೆಟ್ಟು ಓದುವುದರಿಂದ. ಗುಪ್ತಾಂಗದ ತುರಿಕೆಗೆ ಮೂರು ಸಲ ಮೆಡಿಕಲ್ ಶಾಪಿನಿಂದ ಮುಲಾಮು ತಂದಿದ್ದಾರೆ. ಅದು ಮಳೆಗಾಲದ ಒದ್ದೆ ಬಟ್ಟೆಯಿಂದ. ಅಕ್ಟೋಬರಿನಲ್ಲಿ ವಾಂತಿಯಾಗಿ, ಏದುಸಿರು ಬಂದು, ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ರಕ್ತದಲ್ಲಿ ಕೀಟೋನ್ ಏರಿ ಆಮ್ಲ ಹೆಚ್ಚಾಗಿತ್ತಂತೆ, ಅದು ಜ್ವರದಿಂದ. ಒಂದೊಂದನ್ನೇ ನೋಡಿದರೆ ಯಾವ ಉತ್ತರವನ್ನೂ ತಪ್ಪೆನ್ನುವಂತಿಲ್ಲ. ಎಲ್ಲವೂ ಒಬ್ಬ ಹುಡುಗಿಯಲ್ಲಿ ಐದು ತಿಂಗಳೊಳಗೆ ಸೇರಿಕೊಂಡಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇನ್ಸುಲಿನ್ ನಿಜವಾಗಿ ಮೈಯೊಳಗೆ ಹೋಗುತ್ತಿದೆಯೇ?

ಆ ಪ್ರಶ್ನೆ ಏಕೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಟೈಪ್ ಒಂದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಹೊರಗಿನಿಂದ ಬರದಿದ್ದರೆ ಉಂಡ ಅನ್ನದ ಸಕ್ಕರೆ ಜೀವಕೋಶಗಳಿಗೆ ಸೇರದೆ ಮೂತ್ರದಲ್ಲಿ ಹರಿದುಹೋಗುತ್ತದೆ. ಹಸಿದ ದೇಹ ತನ್ನ ಮಾಂಸವನ್ನೂ ಕೊಬ್ಬನ್ನೂ ಕರಗಿಸಿಕೊಳ್ಳುತ್ತದೆ. ತೂಕದ ಯಂತ್ರದಲ್ಲಿ ಅಂಕಿ ಇಳಿಯುವುದು ಹೀಗೆ: ನೀರು, ಸ್ನಾಯು, ಕೊಬ್ಬು ಎಲ್ಲವೂ ಒಟ್ಟಿಗೆ ಹೋಗಿ. ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ರಕ್ತವನ್ನು ಆಮ್ಲವಾಗಿಸುತ್ತದೆ. ಅದು ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯಬಲ್ಲದು.

ತಾಯಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ದಿನಕ್ಕೆ ನಾಲ್ಕು ಸಲದ ಶುಗರ್, ಗೆರೆ ಎಳೆದು ಬರೆದದ್ದು. 130, 145, 120, 150. ಮೂರು ತಿಂಗಳ ಹಾಳೆಗಳಲ್ಲಿ ಒಂದೇ ನೀಲಿ ಪೆನ್ನು, ಒಂದು ಕಾಟು ಇಲ್ಲ, ಸಾಂಬಾರಿನ ಒಂದು ಕಲೆ ಇಲ್ಲ, ಎಲ್ಲ ಅಂಕಿಗಳೂ ಸೊನ್ನೆ ಅಥವಾ ಐದರಲ್ಲಿ ಮುಗಿಯುತ್ತವೆ. ಅದೇ ಚೀಲದಲ್ಲಿದ್ದ ಲ್ಯಾಬ್ ವರದಿಯಲ್ಲಿ ಎಚ್‌ಬಿಎ1ಸಿ 11.8. ಜೂನ್‌ನಲ್ಲಿ ಅದು 8.1 ಇತ್ತು. 11.8 ಬರಬೇಕಾದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ 290ರ ಆಸುಪಾಸಿನಲ್ಲಿ ಇರಬೇಕು. ಹಾಗಾದರೆ ಆ ನೋಟ್‌ಬುಕ್ಕಿನ ಅಂಕಿಗಳು ಬರೆದವು, ಅಳೆದವಲ್ಲ. ಗ್ಲೂಕೋಮೀಟರಿನ ಮೆಮೊರಿ ತೆರೆದು ನೋಡಿದೆವು. ಹಿಂದಿನ ಮೂವತ್ತು ದಿನಗಳಲ್ಲಿ ಹನ್ನೊಂದು ಪರೀಕ್ಷೆ ಮಾತ್ರ. ಎರಡು ಕಡೆ ಅಂಕಿಯೇ ಇಲ್ಲದೆ `HI` ಎಂದಿತ್ತು. ಯಂತ್ರ ಅಳೆಯಬಲ್ಲ ಮಿತಿಯನ್ನೂ ಶುಗರ್ ದಾಟಿದಾಗ ಬರುವ ಅಕ್ಷರಗಳವು.

ಇಷ್ಟಾದರೂ ನಾನು ತೀರ್ಮಾನಕ್ಕೆ ಬರಲಿಲ್ಲ. ನಮ್ಮ ಕಡೆ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗುತ್ತದೆ, ಕೆಲವರು ಇನ್ಸುಲಿನ್ನನ್ನು ಐಸ್‌ಗಡ್ಡೆಗೆ ತಾಗಿಸಿಟ್ಟು ಹೆಪ್ಪುಗಟ್ಟಿಸಿರುತ್ತಾರೆ. ಕೆಟ್ಟ ಇನ್ಸುಲಿನ್ ಹಾಕಿಕೊಂಡರೂ ಶುಗರ್ ಹೀಗೇ ಏರುತ್ತದೆ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದಡಿ ಗಂಟಾದರೂ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ದುಡ್ಡಿಲ್ಲದೆ ಡೋಸು ಉಳಿಸುವವರೂ ಇದ್ದಾರೆ. ಇವನ್ನೆಲ್ಲ ಬಿಟ್ಟು ನೇರವಾಗಿ ಹುಡುಗಿಯನ್ನು ಅನುಮಾನಿಸುವುದು ಅನ್ಯಾಯ. ಆದರೆ ಕೆಟ್ಟ ಇನ್ಸುಲಿನ್ ಆಗಲಿ, ಗಂಟಿಗೆ ಚುಚ್ಚಿದ ಇನ್ಸುಲಿನ್ ಆಗಲಿ, ಖರ್ಚಂತೂ ಆಗಿರುತ್ತದೆ. ಬಿಟ್ಟ ಇನ್ಸುಲಿನ್ ಮಾತ್ರ ಉಳಿದಿರುತ್ತದೆ.

ಆದ್ದರಿಂದ ತಾಯಿಗೆ ಒಂದು ಕೆಲಸ ಹೇಳಿದೆ. ಮಗಳನ್ನು ಏನೂ ಕೇಳಬೇಡಿ; ಮೂರು ತಿಂಗಳ ಔಷಧದ ಬಿಲ್ಲುಗಳನ್ನು ತನ್ನಿ, ಫ್ರಿಜ್ಜಿನಲ್ಲಿ ಇರುವುದನ್ನು ಎಣಿಸಿ ಬನ್ನಿ. ಸುಮನಾಳಿಗೆ ಊಟದ ಮುಂಚಿನ ಇನ್ಸುಲಿನ್ ಮೂರು ಹೊತ್ತಿಗೆ ಸೇರಿ 25 ಯೂನಿಟ್. ಪ್ರತಿ ಸಲ ಇನ್ಸುಲಿನ್ ಪೆನ್ನಿನ ಸೂಜಿ ಪರೀಕ್ಷಿಸಲು ಹೊರಗೆ ಬಿಡುವ 2 ಯೂನಿಟ್ ಸೇರಿಸಿದರೆ ದಿನಕ್ಕೆ 31. ತಿಂಗಳಿಗೆ 930. ಪೆನ್ನಿಗೆ ಹಾಕುವ ಒಂದು ಕಾರ್ಟ್ರಿಜ್ಜಿನಲ್ಲಿ ಇರುವುದು 300 ಯೂನಿಟ್. ಅಂದರೆ ಮೂರು ತಿಂಗಳಿಗೆ ಒಂಬತ್ತಕ್ಕಿಂತ ಹೆಚ್ಚು ಬೇಕು. ಬಿಲ್ಲಿನಲ್ಲಿ ಇದ್ದದ್ದು ಆರು, ಅದರಲ್ಲಿ ಎರಡು ಒಡೆಯದೆ ಫ್ರಿಜ್ಜಿನ ಬಾಗಿಲಲ್ಲೇ ಇದ್ದವು. ಖರ್ಚಾದದ್ದು ನಾಲ್ಕು. ರಾತ್ರಿಯ ದೀರ್ಘಾವಧಿ ಇನ್ಸುಲಿನ್ನಿನ ಲೆಕ್ಕ ಮಾತ್ರ ಹೆಚ್ಚು ಕಡಿಮೆ ಸರಿಯಾಗಿತ್ತು. ಸೂಜಿಗಳ ಪೊಟ್ಟಣವೂ ಅರ್ಧ ತುಂಬಿತ್ತು. (ಕೇರಳ ಸರಕಾರದ ಮಿಠಾಯಿ ಯೋಜನೆಯಲ್ಲಿ ಉಚಿತವಾಗಿ ಇನ್ಸುಲಿನ್ ಪಡೆಯುವ ಮಕ್ಕಳ ಮನೆಯಲ್ಲಿ ಬಿಲ್ಲು ಇರುವುದಿಲ್ಲ. ಅಲ್ಲಿ ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ನೋಡಿದರೆ ಸಾಕು.)

ಈ ಲೆಕ್ಕವನ್ನು ಅವಳ ಮುಂದೆ ಸಾಕ್ಷ್ಯದಂತೆ ಹರಡಬಾರದೆಂದು ನಾನು ನಿಶ್ಚಯಿಸಿದ್ದೆ. ಸಿಕ್ಕಿಬಿದ್ದ ಮಗು ಮುಂದಿನ ಸಲ ಕಾರ್ಟ್ರಿಜ್ಜನ್ನು ಸಿಂಕಿಗೆ ಖಾಲಿ ಮಾಡುವುದನ್ನು ಕಲಿಯುತ್ತದೆ. "ಇನ್ಸುಲಿನ್ ಸರಿಯಾಗಿ ಹಾಕಿಕೊಳ್ಳುತ್ತೀಯಾ?" ಎಂದು ಕೇಳಿದರೂ ಬರುವ ಉತ್ತರ "ಹೌದು" ಎಂದೇ. ನಾನು ಹೀಗೆ ಕೇಳಿದೆ: "ಇನ್ಸುಲಿನ್ ಹಾಕಿದರೆ ದಪ್ಪಗಾಗುತ್ತೇವೆ ಎಂಬ ಹೆದರಿಕೆ ಈ ಕಾಯಿಲೆ ಇರುವ ತುಂಬ ಮಂದಿಗೆ ಇರುತ್ತದೆ. ನಿನಗೆ ಎಷ್ಟಿದೆ?"

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಊಟದ್ದು ಮಾತ್ರ ಬಿಡುತ್ತೇನೆ ಟೀಚರ್. ರಾತ್ರಿಯದ್ದು ಬಿಡುವುದಿಲ್ಲ, ಬಿಟ್ಟರೆ ಸಾಯುತ್ತೇನೆ ಎಂದು ಗೊತ್ತು." ಜ್ವರ ಬಂದ ವಾರ ಮಾತ್ರ, ಏನೂ ಉಣ್ಣುತ್ತಿಲ್ಲವಲ್ಲ ಎಂದುಕೊಂಡು, ಅದನ್ನೂ ಎರಡು ದಿನ ಬಿಟ್ಟಿದ್ದಳು. ಅಕ್ಟೋಬರಿನ ಆಸ್ಪತ್ರೆಯ ಕಥೆ ಅದು. ಜ್ವರದಲ್ಲಿ ದೇಹಕ್ಕೆ ಇನ್ಸುಲಿನ್ ಹೆಚ್ಚೇ ಬೇಕಾಗುತ್ತದೆ.

ಮೊದಲ ಎಳೆ ಹದಿನಾಲ್ಕರಲ್ಲೇ ಇತ್ತು. ಕಾಯಿಲೆ ಪತ್ತೆಯಾಗುವ ಮೊದಲು ಒಣಗಿ ಕಡ್ಡಿಯಾಗಿದ್ದ ಮಗು, ಇನ್ಸುಲಿನ್ ಶುರುವಾದ ಮೇಲೆ ಕಳೆದುಕೊಂಡ ತೂಕವನ್ನು ಮರಳಿ ಪಡೆಯಿತು. ಅದನ್ನು ಕಂಡು ದೊಡ್ಡಮ್ಮ ಪ್ರೀತಿಯಿಂದಲೇ "ಇಂಜೆಕ್ಷನ್ ಬಂದ ಮೇಲೆ ಮೈ ಕೈ ತುಂಬಿಕೊಂಡಿತು" ಎಂದಿದ್ದರು. ಆ ಮಾತನ್ನು ಅವಳು ಮೂರು ವರ್ಷ ಇಟ್ಟುಕೊಂಡಿದ್ದಳು. ಈ ಜೂನ್‌ನಲ್ಲಿ ಕಲೋತ್ಸವದ ಯಕ್ಷಗಾನಕ್ಕೆ ಸ್ತ್ರೀವೇಷ ಕಟ್ಟಿನೋಡುವಾಗ ಸೊಂಟದ ಡಾಬಿನ ಕೊಂಡಿ ಕೂಡಲಿಲ್ಲ. ಯಾರೋ ನಕ್ಕರು. ಅಂದು ರಾತ್ರಿ ಊಟದ ಇನ್ಸುಲಿನ್ ಬಿಟ್ಟಳು. ಅಕ್ಟೋಬರಿಗೆ ಡಾಬು ಸಡಿಲವಾಗಿ ದಾರ ಕಟ್ಟಬೇಕಾಯಿತು. ಎಲ್ಲರೂ ಚಂದ ಕಾಣುತ್ತೀ ಎಂದರು.

ನಾನು ಅವಳಿಗೆ ಗುಟ್ಟಿನ ಮಿತಿಯನ್ನು ಮೊದಲೇ ಹೇಳಿದ್ದೆ: ಜೀವಕ್ಕೆ ಅಪಾಯವಿರುವ ಮಾತನ್ನು ನನ್ನಲ್ಲೇ ಇಟ್ಟುಕೊಳ್ಳಲು ಆಗದು. ಈಗ ಆಯ್ಕೆ ಅವಳಿಗೇ ಕೊಟ್ಟೆ. ಅಮ್ಮನಿಗೆ ನೀನು ಹೇಳುತ್ತೀಯಾ, ನಾನು ಹೇಳಲೇ, ಇಬ್ಬರೂ ಕೂತು ಹೇಳೋಣವೇ? ಮೂರನೆಯದನ್ನು ಆರಿಸಿದಳು. ಕೀಟೋನ್ ಪಟ್ಟಿಯಿಂದ ಮೂತ್ರ ಪರೀಕ್ಷಿಸಿ, ಅದೇ ದಿನ ಅವಳ ಮಧುಮೇಹದ ವೈದ್ಯರಿಗೆ ಫೋನ್ ಮಾಡಿದೆವು.

ತಂದೆಗೆ ಸಿಟ್ಟು ಬಂತು; ಯಕ್ಷಗಾನ ಬಿಡಿಸುತ್ತೇನೆ, ನಾಳೆಯಿಂದ ಪೂರ್ತಿ ಡೋಸು ನಾನೇ ಹಾಕುತ್ತೇನೆ ಎಂದರು. ಎರಡೂ ಬೇಡ ಎಂದು ಕೇಳಿಕೊಂಡೆ. ಯಕ್ಷಗಾನ ಅವಳಿಗೆ ತನ್ನ ದೇಹದ ಮೇಲೆ ಇರುವ ಒಂದೇ ಅಭಿಮಾನ. ಕೀಟೋನ್ ಇರುವ ದಿನ ಕುಣಿಯಬಾರದು ಎಂಬಷ್ಟೇ ನಿಯಮ ಸಾಕು. ಡೋಸನ್ನು ಒಮ್ಮೆಲೇ ಪೂರ್ತಿಗೊಳಿಸುವ ವಿಚಾರ ಇನ್ನೂ ಸೂಕ್ಷ್ಮ. ತಿಂಗಳುಗಟ್ಟಲೆ ಏರಿದ್ದ ಶುಗರನ್ನು ಥಟ್ಟನೆ ಇಳಿಸಿದರೆ ಕಣ್ಣಿನ ಪರದೆಯ ತೊಂದರೆ ಬಿಗಡಾಯಿಸಬಹುದು, ಕಾಲಿನ ನರಗಳಲ್ಲಿ ಉರಿನೋವು ಶುರುವಾಗಬಹುದು. ವೈದ್ಯರು ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ವಾರವಾರ ಸ್ವಲ್ಪಸ್ವಲ್ಪವಾಗಿ ಡೋಸು ಏರಿಸಿದರು. ರಾತ್ರಿಯ ಇನ್ಸುಲಿನ್ ತಾಯಿಯ ಕೈಯಿಂದ, ಒಂದು ದಿನವೂ ತಪ್ಪದೆ. ಅದು ಜೀವ ಉಳಿಸುವ ಕನಿಷ್ಠ ರೇಖೆ. ಊಟದ್ದು ಅವಳೇ ಹಾಕಿಕೊಳ್ಳುವುದು, ಆದರೆ ಬಚ್ಚಲಿನಲ್ಲಲ್ಲ, ಊಟದ ಮೇಜಿನಲ್ಲಿ, ಅಮ್ಮ ಪಕ್ಕದಲ್ಲಿ ಕುಳಿತಿರುವಾಗ.

ಒಂದು ವಿಷಯವನ್ನು ಅವಳಿಗೆ ಮುಂಚೆಯೇ ಹೇಳದಿದ್ದರೆ ಎಲ್ಲವೂ ಎರಡನೆಯ ವಾರಕ್ಕೇ ಮುರಿದುಬೀಳುತ್ತಿತ್ತು. ಇನ್ಸುಲಿನ್ ಮತ್ತೆ ಸರಿಯಾದಾಗ ದೇಹ ನೀರನ್ನು ಹಿಡಿದುಕೊಳ್ಳುತ್ತದೆ. ಪಾದ ಊದುತ್ತದೆ, ಮುಖ ಉಬ್ಬುತ್ತದೆ, ಕೆಲವೇ ದಿನಗಳಲ್ಲಿ ಎರಡು ಮೂರು ಕಿಲೋ ಏರಬಹುದು. ಅದು ಹೆಚ್ಚಾಗಿ ನೀರು, ಕೊಬ್ಬಲ್ಲ, ವಾರಗಳಲ್ಲಿ ಇಳಿಯುತ್ತದೆ. ಅವಳಿಗೆ ಚಪ್ಪಲಿ ಬಿಗಿಯಾದ ದಿನ ಗಾಬರಿಯಿಂದ ನನಗೆ ಫೋನ್ ಬಂತು, ಆದರೆ ಇನ್ಸುಲಿನ್ ನಿಲ್ಲಲಿಲ್ಲ. ಮನೆಯ ತೂಕದ ಯಂತ್ರವನ್ನು ದೊಡ್ಡಮ್ಮನ ಮನೆಗೆ ಕಳುಹಿಸಿದೆವು. ತೂಕ ಇನ್ನು ಆಸ್ಪತ್ರೆಯಲ್ಲಿ ಮಾತ್ರ, ಅಂಕಿಗೆ ಬೆನ್ನು ಮಾಡಿ ನಿಂತು.

ಮನೆಯವರಿಗೆ ಹೇಳಿದ್ದು ಸ್ವಲ್ಪವೇ. ದಪ್ಪ, ಸಣ್ಣ ಎಂಬ ಮಾತು ಹೊಗಳಿಕೆಯಾಗಿಯೂ ಬೇಡ. "ಶುಗರ್ ಎಷ್ಟು ಬಂತು?" ಎಂಬುದು ಶಾಲೆಯಿಂದ ಬಂದ ಮಗುವಿಗೆ ಮೊದಲ ಪ್ರಶ್ನೆಯಾಗದಿರಲಿ. ಕಣ್ಣು ಹೋಗುತ್ತದೆ, ಕಿಡ್ನಿ ಹೋಗುತ್ತದೆ ಎಂದು ಹೆದರಿಸಬೇಡಿ. ಅದು ಅವಳಿಗೆ ಗೊತ್ತು, ಹೆದರಿದ ಮಗು ಪರೀಕ್ಷೆ ಮಾಡುವುದನ್ನೇ ಬಿಡುತ್ತದೆ. ಆದರೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ಊಟ ಬಿಟ್ಟಿದ್ದರೂ ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಬಿಡಬಾರದು.

ಊಟ ಮತ್ತು ತೂಕದ ಯೋಚನೆ ಅವಳನ್ನು ಇಷ್ಟು ಬಿಗಿಯಾಗಿ ಹಿಡಿದಿದ್ದರಿಂದ ಮನೋವೈದ್ಯರ ಬಳಿಗೂ ಕಳುಹಿಸಿದೆ. ನನ್ನ ಮಾತಿನಿಂದಷ್ಟೇ ಗುಣವಾಗುವ ಸಮಸ್ಯೆ ಇದಲ್ಲ. ಇಬ್ಬರು ವೈದ್ಯರೂ ನಾನೂ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತನಾಡಿಕೊಂಡೆವು. ಇಲ್ಲದಿದ್ದರೆ ಒಬ್ಬರು ಸಿಹಿ ಮುಟ್ಟಬೇಡ ಎಂದೂ ಇನ್ನೊಬ್ಬರು ಊಟಕ್ಕೆ ಹೆದರಬೇಡ ಎಂದೂ ಹೇಳಿ ಮಗುವನ್ನು ನಡುವೆ ನಿಲ್ಲಿಸಿಬಿಡುತ್ತೇವೆ.

ಐದು ತಿಂಗಳ ಮೇಲೆ ಎಚ್‌ಬಿಎ1ಸಿ 9.3ಕ್ಕೆ ಬಂತು. ಮುಟ್ಟು ಮರಳಿತು. ಕಳೆದ ಸಲ ಬಂದಾಗ ನೋಟ್‌ಬುಕ್ ತಂದಿದ್ದಳು. ಎರಡು ಬಣ್ಣದ ಪೆನ್ನು, ಅರ್ಧ ಪುಟ ಖಾಲಿ, ಒಂದು ಕಡೆ 312. ಅದರ ಪಕ್ಕದಲ್ಲಿ ಅವಳೇ ಬರೆದಿದ್ದಳು: "ಮದುವೆ ಮನೆ. ಇನ್ಸುಲಿನ್ ಬಿಟ್ಟೆ."