ಎರಡು ಅಂಕ ಸರಿ, ಎಷ್ಟಕ್ಕೆ ಎರಡು?

ಪ್ರಶ್ನೆ: ನಾನು ಹೈಸ್ಕೂಲ್ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳುತ್ತೇನೆ. ಪರಿಚಯದವರೊಬ್ಬರು ತಮ್ಮ ಮಗನ ಉತ್ತರಪತ್ರಿಕೆಯ ಒಂದು ಪುಟದ ಫೋಟೋ ಕಳಿಸಿ, "ಇಷ್ಟು ಚೆನ್ನಾಗಿ ಬರೆದಿದ್ದಾನೆ, ಬರೀ ಎರಡು ಕೊಟ್ಟಿದ್ದಾರೆ, ನೀವಾಗಿದ್ರೆ ಎಷ್ಟು ಕೊಡ್ತಿದ್ರಿ?" ಎಂದು ಕೇಳಿದ್ದಾರೆ. ಪ್ರಶ್ನೆಪತ್ರಿಕೆ ಅವರ ಹತ್ತಿರ ಇಲ್ಲ, ಗರಿಷ್ಠ ಅಂಕ ಎಷ್ಟು ಗೊತ್ತಿಲ್ಲ, ಯಾವ ಹಂತಕ್ಕೆ ಎಷ್ಟು ಅಂಕ ಅಂತ ಹೇಳುವ ಸ್ಕೀಮ್ ಅಂತೂ ಇಲ್ಲವೇ ಇಲ್ಲ. ಓದಿದರೆ ಎಲ್ಲಾ ಸರಿ ಇದೆ ಅನಿಸುತ್ತದೆ. ನಾಲ್ಕಾದರೂ ಕೊಡಬೇಕಿತ್ತು ಅಂತ ಹೇಳಿಬಿಡಲಾ?

ಉತ್ತರ: ಬೇಡ, ಹೇಳಬೇಡಿ. "ನಾಲ್ಕು" ಅಂದ ತಕ್ಷಣ ನೀವು ಆ ಪ್ರಶ್ನೆಗೆ ಐದು ಅಂಕ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ ಆಯಿತು. ಪ್ರಶ್ನೆ ಏನಿತ್ತು ಅಂತಲೂ ತೀರ್ಮಾನ ಮಾಡಿ ಆಯಿತು. ಎರಡೂ ನಿಮಗೆ ಗೊತ್ತಿಲ್ಲ.

ನೀವು ಕಳಿಸಿದ ಪುಟವನ್ನೇ ಇಟ್ಟುಕೊಂಡು ನೋಡೋಣ. ಹುಡುಗ ಬರೆದದ್ದು ಇಷ್ಟು:

```
u = 20 m/s
v = 0
g = 10
v² = u² − 2gh
0 = 400 − 20h
h = 20
t = u/g = 20/10 = 2 s
```

ಅಕ್ಷರ ಮುದ್ದಾಗಿದೆ, ಕಾಟು ಗೀಟು ಇಲ್ಲ, ಕೊನೆಯ ಉತ್ತರಕ್ಕೆ ಚೌಕಟ್ಟು ಹಾಕಿದ್ದಾನೆ. ಓದುತ್ತಿದ್ದಂತೆ ನಿಮ್ಮ ತಲೆಯಲ್ಲಿ ಒಂದು ಪ್ರಶ್ನೆ ತಾನಾಗೇ ಮೂಡಿರುತ್ತದೆ: ಒಂದು ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ಅದು ಎಷ್ಟು ಎತ್ತರ ಹೋಗುತ್ತದೆ, ಎಷ್ಟು ಹೊತ್ತು ಬೇಕು? ಅದಕ್ಕೆ ಈ ಉತ್ತರ ಅಚ್ಚುಕಟ್ಟಾಗಿ ಹೊಂದುತ್ತದೆ. ಹೊಂದಲೇಬೇಕು, ಯಾಕಂದ್ರೆ ಆ ಪ್ರಶ್ನೆಯನ್ನು ನೀವು ಹೆಕ್ಕಿದ್ದೇ ಈ ಉತ್ತರದಿಂದ. ಉತ್ತರ ನೋಡಿ ಪ್ರಶ್ನೆ ಊಹಿಸಿ, ಆ ಊಹೆಗೆ ಉತ್ತರ ಸರಿ ಹೊಂದುತ್ತಾ ಅಂತ ನೋಡಿದರೆ ಯಾವ ಮಗುವಾದರೂ ಪಾಸ್. ಆದರೆ ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವ ದೊಡ್ಡ ದಾರಿಗಳಲ್ಲಿ ಒಂದು, ಕೇಳಿದ್ದು ಒಂದು ಬರೆದದ್ದು ಇನ್ನೊಂದು ಆಗುವುದು. ಆ ತಪ್ಪು ಉತ್ತರದ ಪುಟದಲ್ಲಿ ಕಾಣುವುದೇ ಇಲ್ಲ. ಪುಟವನ್ನು ಪ್ರಶ್ನೆಯ ಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ.

ನಾನೂ ಒಮ್ಮೆ ಹೀಗೇ ಬಿದ್ದಿದ್ದೇನೆ. ಜಲಚಕ್ರದ ಬಗ್ಗೆ ಒಂದು ಮಗು ಬರೆದ ಒಂದೂವರೆ ಪುಟದ ಉತ್ತರ ತೋರಿಸಿದ್ದರು. ಆವಿಯಾಗುವುದು, ಮೋಡ, ಮಳೆ, ಇಂಗುವುದು ಎಲ್ಲಾ ಕ್ರಮವಾಗಿ ಇತ್ತು, ಚಿತ್ರವೂ ಇತ್ತು. ಪೂರ್ತಿ ಅಂಕ ಕೊಡಬಹುದು ಅಂದೆ. ವಾರದ ನಂತರ ಪ್ರಶ್ನೆ ಸಿಕ್ಕಿತು: ಮರ ಕಡಿದರೆ ಜಲಚಕ್ರದ ಯಾವ ಹಂತಗಳು ಬದಲಾಗುತ್ತವೆ, ಯಾಕೆ? ಆ ಒಂದೂವರೆ ಪುಟದಲ್ಲಿ ಮರದ ಮಾತು ಬಂದದ್ದು ಕೊನೆಯ ಸಾಲಿನಲ್ಲಿ, ಅದೂ "ಮರಗಳನ್ನು ಉಳಿಸಬೇಕು" ಅಂತ.

ಈಗ ನಿಮ್ಮ ಹುಡುಗನ ಪುಟಕ್ಕೆ ಬರೋಣ. ಇದೇ ಏಳು ಸಾಲು ಬೇರೆ ಬೇರೆ ಪ್ರಶ್ನೆಗೆ ಉತ್ತರವಾಗಿರಬಹುದು.

ಮೊದಲನೆಯದು ಸುಲಭದ್ದು. ಚೆಂಡು ತಲುಪುವ ಗರಿಷ್ಠ ಎತ್ತರ ಎಷ್ಟು, 2 ಅಂಕ. ಸರಿಯಾದ ಸೂತ್ರಕ್ಕೆ ಒಂದು, ಉತ್ತರಕ್ಕೆ ಒಂದು. ಎತ್ತರದ ಮುಂದೆ ಮೀಟರ್ ಬರೆದಿಲ್ಲ, ಬಿಗಿ ಮಾಡುವವರು ಅರ್ಧ ಕಡಿಯುತ್ತಿದ್ದರು, ಇವರು ಬಿಟ್ಟಿದ್ದಾರೆ. ಸಮಯ ಕಂಡುಹಿಡಿದದ್ದು ಹೆಚ್ಚುವರಿ, ಅದಕ್ಕೆ ಅಂಕವೂ ಇಲ್ಲ, ಕಡಿತವೂ ಇಲ್ಲ. ಸಿಕ್ಕಿದ್ದು ಎರಡಕ್ಕೆ ಎರಡು. ಅಂದರೆ ಮಗ ಪೂರ್ತಿ ಅಂಕ ತಗೊಂಡಿದ್ದಾನೆ, ಅಪ್ಪ ಅನ್ಯಾಯ ಅಂತಿದ್ದಾರೆ.

ಎರಡನೆಯದು ಹೀಗಿರಬಹುದು: ಗರಿಷ್ಠ ಎತ್ತರ ಎಷ್ಟು, ಚೆಂಡು ವಾಪಸ್ ಕೈಗೆ ಬರಲು ಒಟ್ಟು ಎಷ್ಟು ಸಮಯ ಬೇಕು? 3 ಅಂಕ. ಸೂತ್ರ, ಎತ್ತರ, ಒಟ್ಟು ಸಮಯ, ಒಂದೊಂದಕ್ಕೆ ಒಂದೊಂದು. ಚೆಂಡು ಮೇಲೆ ಹೋಗಲು 2 ಸೆಕೆಂಡ್, ಕೆಳಗೆ ಬರಲು ಇನ್ನೆರಡು, ಒಟ್ಟು 4. ಹುಡುಗ ಮೇಲೆ ಹೋಗುವ ಸಮಯ ಬರೆದು ಚೌಕಟ್ಟು ಹಾಕಿ ಬಿಟ್ಟಿದ್ದಾನೆ. ಮೂರಕ್ಕೆ ಎರಡು.

ಮೂರನೆಯದು ನನಗೆ ಜಾಸ್ತಿ ಇಷ್ಟ, ಯಾಕಂದ್ರೆ ಇದನ್ನು ಪುಟ ನೋಡಿ ಯಾರೂ ಊಹಿಸಲಾರರು. 25 ಮೀಟರ್ ಎತ್ತರದ ಕಟ್ಟಡದ ಮೇಲೆ ನಿಂತು ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದಾರೆ. ನೆಲದಿಂದ ಅದರ ಗರಿಷ್ಠ ಎತ್ತರ ಎಷ್ಟು, ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ? 5 ಅಂಕ. ಚೆಂಡು ಕಟ್ಟಡದಿಂದ 20 ಮೀಟರ್ ಮೇಲೆ ಹೋಗುತ್ತದೆ, ಅದಕ್ಕೆ 2 ಸೆಕೆಂಡ್. ನೆಲದಿಂದ 45 ಮೀಟರ್. ಅಲ್ಲಿಂದ ಕೆಳಗೆ ಬೀಳಲು 3 ಸೆಕೆಂಡ್, ಒಟ್ಟು 5. ಐದು ಹಂತ, ಹಂತಕ್ಕೆ ಒಂದು ಅಂಕ. ಹುಡುಗ ಮೊದಲ ಎರಡು ಹಂತ ಮಾಡಿ ನಿಲ್ಲಿಸಿದ್ದಾನೆ. ಐದಕ್ಕೆ ಎರಡು.

ನೋಡಿದ್ರಾ? ಮೂರರಲ್ಲೂ ಕೆಂಪು ಶಾಯಿಯ ಅಂಕಿ ಎರಡೇ. ಮೌಲ್ಯಮಾಪಕರ ಕೈ ಮೂರರಲ್ಲೂ ಸರಿಯಾಗೇ ಇದೆ. ಆದರೆ ಮೊದಲನೆಯದರಲ್ಲಿ ಹುಡುಗನಿಗೆ ವಿಷಯ ಪೂರ್ತಿ ಗೊತ್ತು, ಎರಡನೆಯದರಲ್ಲಿ ಪ್ರಶ್ನೆ ಅರ್ಧ ಓದಿದ್ದಾನೆ, ಮೂರನೆಯದರಲ್ಲಿ ಲೆಕ್ಕದ ಅರ್ಧಕ್ಕಿಂತ ಹೆಚ್ಚು ಪಾಲು ತಲೆಗೇ ಹೋಗಿಲ್ಲ. ಮೂರಕ್ಕೂ ಬೇರೆ ಬೇರೆ ಪಾಠ ಬೇಕು.

ಇನ್ನೂ ಒಂದೆರಡು ಇವೆ, ಬೇಗ ಹೇಳಿಬಿಡುತ್ತೇನೆ. "ಶಕ್ತಿ ಸಂರಕ್ಷಣೆಯ ನಿಯಮ ಬಳಸಿ ಎತ್ತರ ಕಂಡುಹಿಡಿ" ಅಂತ ಕೇಳಿದ್ದರೆ ಉತ್ತರ 20 ಮೀಟರೇ ಬಂದರೂ ದಾರಿ ಬೇರೆ. ಅಂಥ ಕಡೆ ಸ್ಕೀಮ್‌ನಲ್ಲಿ ದಾರಿಗೇ ಹೆಚ್ಚು ಅಂಕ ಇಟ್ಟಿರುತ್ತಾರೆ. g ಬೆಲೆ 9.8 ತಗೊಳ್ಳಿ ಅಂತ ಪತ್ರಿಕೆಯ ಮೇಲೆ ಇದ್ದರೆ ಎತ್ತರ ಸುಮಾರು 20.4 ಮೀಟರ್ ಆಗಬೇಕಿತ್ತು.

ಮತ್ತೆ ಮೊದಲ ಸಾಲು, ಆ u = 20. ಅದು ಎಲ್ಲಿಂದ ಬಂತು? ಪ್ರಶ್ನೆಯಲ್ಲೇ 20 ಅಂತ ಇತ್ತಾ, ಅಥವಾ ಗಂಟೆಗೆ 72 ಕಿಲೋಮೀಟರ್ ಅಂತ ಇದ್ದು ಹುಡುಗ ಮನಸ್ಸಿನಲ್ಲೇ 3.6ರಿಂದ ಭಾಗಿಸಿದನಾ? ಹಾಗಿದ್ದರೆ ಆ ಒಂದು ಸಾಲಿಗೇ ಒಂದು ಅಂಕ ಇರಬಹುದು. ಅಥವಾ 25 ಅಂತ ಇದ್ದದ್ದನ್ನು ಗಡಿಬಿಡಿಯಲ್ಲಿ 20 ಅಂತ ಬರೆದುಕೊಂಡನಾ? ಆಗ ಕೆಳಗಿನ ಲೆಕ್ಕವೆಲ್ಲ ತನ್ನ ಪಾಡಿಗೆ ಸರಿ, ಉತ್ತರ ಮಾತ್ರ ತಪ್ಪು. ಇಂಥದ್ದಕ್ಕೆ ಏನು ಮಾಡಬೇಕು ಅನ್ನುವುದು ಸ್ಕೀಮ್‌ನ ಕೆಲಸ. ಕೆಲವು ಸ್ಕೀಮ್ ಹಿಂದಿನ ತಪ್ಪಿಗೆ ಒಮ್ಮೆ ಮಾತ್ರ ಕಡಿದು ಮುಂದಿನ ಹಂತಗಳಿಗೆ ಅಂಕ ಕೊಡು ಅನ್ನುತ್ತದೆ. ಕೆಲವು ಕೊನೆಯ ಉತ್ತರದ ಅಂಕ ಹೋಯಿತು ಅನ್ನುತ್ತದೆ. ನಿಮ್ಮ ಒಳ್ಳೆಯತನದಿಂದ ಅದನ್ನು ತೀರ್ಮಾನಿಸಲು ಆಗಲ್ಲ.

"ಅನುಭವ ಇರುವವರು ಅಂದಾಜು ಮಾಡಬಹುದಲ್ವಾ" ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ 1912-13ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಾಲೆಗಳಿಗೆ ಕಳಿಸಿ ಅಂಕ ಹಾಕಿಸಿದರು. ಇಂಗ್ಲಿಷಿನಲ್ಲಿ ಅಂಕ ಚದುರಿದ್ದು ಸರಿ, ರೇಖಾಗಣಿತದಲ್ಲೂ ಒಂದೇ ಪತ್ರಿಕೆಗೆ 100ಕ್ಕೆ 30ಕ್ಕಿಂತ ಕಡಿಮೆ ಕೊಟ್ಟವರೂ ಇದ್ದರು, 90ರ ಮೇಲೆ ಕೊಟ್ಟವರೂ ಇದ್ದರು. ಅವರಿಗೆ ಪ್ರಶ್ನೆಯೂ ಗರಿಷ್ಠ ಅಂಕವೂ ಗೊತ್ತಿತ್ತು. ಎಲ್ಲರಿಗೂ ಒಂದೇ ಆದ ಸ್ಕೀಮ್ ಮಾತ್ರ ಇರಲಿಲ್ಲ. ನಿಮಗೆ ಮೂರೂ ಇಲ್ಲ.

ಹಾಗಂತ ಆ ಪುಟದ ಬಗ್ಗೆ ಏನೂ ಹೇಳಲಾಗದು ಅಂತಲ್ಲ. ಪ್ರಶ್ನೆ ಏನೇ ಇರಲಿ, ಬದಲಾಗದ ಕೆಲವು ಸಂಗತಿ ಅಲ್ಲಿವೆ. ತುತ್ತ ತುದಿಯಲ್ಲಿ ವೇಗ ಸೊನ್ನೆ ಅಂತ ಹುಡುಗನಿಗೆ ಗೊತ್ತು. ಮೇಲೆ ಹೋಗುವಾಗ ಗುರುತ್ವ ಎದುರಾಗಿ ಎಳೆಯುತ್ತದೆ, ಅದಕ್ಕೆ ಋಣ ಚಿಹ್ನೆ ಹಾಕಿದ್ದಾನೆ. ಕೂಡುವುದು ಕಳೆಯುವುದರಲ್ಲಿ ತಪ್ಪಿಲ್ಲ. ಏಕಮಾನದ ವಿಷಯದಲ್ಲಿ ಅಸಡ್ಡೆ: ವೇಗಕ್ಕೆ ಬರೆದಿದ್ದಾನೆ, ಸಮಯಕ್ಕೆ ಬರೆದಿದ್ದಾನೆ, g ಮತ್ತು h ಎರಡಕ್ಕೂ ಬಿಟ್ಟಿದ್ದಾನೆ. ಇಷ್ಟನ್ನು ಧೈರ್ಯವಾಗಿ ಹೇಳಿ. ಇದಕ್ಕೆ ಅಂಕಿ ಮಾತ್ರ ಅಂಟಿಸಬೇಡಿ, ಶೇಕಡಾ ಲೆಕ್ಕವೂ ಬೇಡ. "ಸುಮಾರು 80 ಪರ್ಸೆಂಟ್" ಅನ್ನುವುದು ಐದಕ್ಕೆ ನಾಲ್ಕು ಅಂದ ಹಾಗೇ.

ಉತ್ತರದ ಉದ್ದ ನೋಡಿ ಗರಿಷ್ಠ ಅಂಕ ಊಹಿಸುವ ಅಭ್ಯಾಸವೂ ಇದೆ. ಅದನ್ನು ನಂಬಬೇಡಿ, ಎರಡು ಅಂಕದ ಪ್ರಶ್ನೆಗೆ ಎರಡು ಪುಟ ಬರೆಯುವ ಮಕ್ಕಳನ್ನು ನೀವೇ ನೋಡಿರುತ್ತೀರಿ. ಉತ್ತರಪುಸ್ತಿಕೆಯಲ್ಲೇ ಪ್ರತಿ ಪ್ರಶ್ನೆಗೆ ಗೆರೆ ಹಾಕಿ ಜಾಗ ಬಿಟ್ಟಿದ್ದರೆ ಆ ಜಾಗ ಒಂದಿಷ್ಟು ಸುಳಿವು ಕೊಡುತ್ತದೆ, ಯಾಕಂದ್ರೆ ಅದನ್ನು ಬಿಟ್ಟವರು ಪ್ರಶ್ನೆ ಮಾಡಿದವರು. ನಿಮ್ಮ ಫೋಟೋದಲ್ಲಿ ಅದು ಬರೀ ಹಾಳೆ.

ಸಹಪಾಠಿಗಳ ಉತ್ತರ ಸಿಕ್ಕರೆ ಮಾತು ಬೇರೆ. ಹತ್ತು ಹದಿನೈದು ಮಕ್ಕಳು ಅದೇ ಪ್ರಶ್ನೆಗೆ ಬರೆದದ್ದನ್ನು ಪಕ್ಕಪಕ್ಕ ಇಟ್ಟರೆ ಪ್ರಶ್ನೆ ಬಹುಪಾಲು ಹೊರಗೆ ಬರುತ್ತದೆ. ಎಲ್ಲರೂ ಮೊದಲ ಸಾಲಲ್ಲಿ 25 ಮೀಟರ್ ಅಂತ ದತ್ತಾಂಶ ಬರೆದುಕೊಂಡು ಈ ಹುಡುಗ ಮಾತ್ರ ಬರೆದಿಲ್ಲ ಅಂದ್ರೆ ಕಟ್ಟಡದ ಕಥೆ ಬಯಲಾಯಿತು. ಯಾರದು ಯಾರದಕ್ಕಿಂತ ಚೆನ್ನಾಗಿದೆ ಅಂತ ಸಾಲಾಗಿ ಜೋಡಿಸಲೂ ಬರುತ್ತದೆ. ಆದರೆ ಮೊದಲಿನವನಿಗೆ ಐದಕ್ಕೆ ಐದಾ, ಮೂರಾ ಅನ್ನುವುದು ಆಗಲೂ ಸಿಗಲ್ಲ.

ಆ ಅಪ್ಪನ ಹತ್ತಿರ ಒಂದೇ ಒಂದು ವಸ್ತು ಕೇಳಬಹುದು ಅಂದರೆ ಪ್ರಶ್ನೆಪತ್ರಿಕೆ ಕೇಳಿ. ಸಾಮಾನ್ಯವಾಗಿ ಗರಿಷ್ಠ ಅಂಕ ಪ್ರಶ್ನೆಯ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಒಂದೇ ಏಟಿಗೆ ಎರಡು ಸಿಕ್ಕಿತು. ಸ್ಕೀಮ್ ಇಲ್ಲದಿದ್ದರೂ, ಪ್ರಶ್ನೆಯೂ ಅಂಕವೂ ಗೊತ್ತಿದ್ದರೆ ನಿಮ್ಮಂಥವರು ಅರ್ಧ ಅಂಕ ಆಚೀಚೆ ಸ್ಕೀಮ್ ಕಟ್ಟಬಲ್ಲಿರಿ. ಆದರೆ ಮಗನ ಉತ್ತರವನ್ನು ಮತ್ತೆ ನೋಡುವ ಮೊದಲೇ ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನೋಡಿದ ಮೇಲೆ ಬರೆದರೆ ಸ್ಕೀಮ್ ಆ ಉತ್ತರದ ಕಡೆಗೇ ವಾಲುತ್ತದೆ.

ಪತ್ರಿಕೆ ಸಿಗದಿದ್ದರೆ ಹುಡುಗನನ್ನೇ ಕೇಳಿ, ಅಪ್ಪನ ಮುಂದೆ ಬೇಡ. "ಎಷ್ಟು ಕೊಡಬೇಕಿತ್ತು" ಅಂತ ಕೇಳಬೇಡಿ, "ಚೆಂಡನ್ನು ಎಲ್ಲಿ ನಿಂತು ಎಸೆದಿದ್ರು?" ಅಂತ ಕೇಳಿ. ಅವನ ನೆನಪೂ ತಾನು ಬರೆದ ಉತ್ತರದ ಕಡೆಗೇ ಎಳೆಯಬಹುದು, ಅದಕ್ಕೆ ಇನ್ನೊಬ್ಬ ಸಹಪಾಠಿಯನ್ನೂ ಕೇಳಿದರೆ ಒಳ್ಳೆಯದು. ಅಪ್ಪನಿಗೆ ಸದ್ಯಕ್ಕೆ ಇಷ್ಟು ಬರೆದರೆ ಸಾಕು: "ಬರೆದಷ್ಟು ಭಾಗದಲ್ಲಿ ಲೆಕ್ಕ ಸರಿ ಇದೆ, ಎತ್ತರಕ್ಕೆ ಏಕಮಾನ ಬಿಟ್ಟಿದ್ದಾನೆ. ಕೇಳಿದ್ದು ಇಷ್ಟೇನಾ ಅನ್ನೋದು ಪುಟದಲ್ಲಿ ಕಾಣಲ್ಲ. ಪ್ರಶ್ನೆಪತ್ರಿಕೆಯ ಆ ಭಾಗದ ಫೋಟೋ ಕಳಿಸಿ, ಪಕ್ಕದ ಅಂಕವೂ ಕಾಣುವ ಹಾಗೆ."